‘ಕನ್ನಡ ಗೊತ್ತಿಲ್ಲ’ ಅನ್ನೋ ವಾಕ್ಯದ ಒಳಗೆ

ಹೊರರಾಜ್ಯಗಳಿಂದ ನಮ್ಮ ಕ್ಯಾಂಪಸ್ಸಿಗೆ ಬಂದ ಗೆಳೆಯರೆಲ್ಲ ಮೊದಲ ವಾರದಲ್ಲೇ ಕಲಿಯೋ ವಾಕ್ಯ ಒಂದಿದೆ: ‘ಕನ್ನಡ ಗೊತ್ತಿಲ್ಲ’. ಎರಡನೇ ವರ್ಷಕ್ಕೆ ಬಂದ ಮೇಲೂ ಎಷ್ಟೋ ಜನರ ಹತ್ತಿರ ಇರೋದು ಅದೊಂದೇ ವಾಕ್ಯ. ತಮಾಷೆ ಏನಂದ್ರೆ, ಅದು ಒಂದು ತಪ್ಪೂ ಇಲ್ಲದ ಅಚ್ಚ ಕನ್ನಡ ವಾಕ್ಯ. ಮುಂದೆ ‘ನಂಗೆ’ ಸೇರಿಸಿದರೆ ‘ನಂಗೆ ಕನ್ನಡ ಗೊತ್ತಿಲ್ಲ’ ಆಗುತ್ತೆ. ಈಗ ನಡುವಿನ ‘ಕನ್ನಡ’ವನ್ನು ತೆಗೆದು ಆ ಜಾಗದಲ್ಲಿ ‘ದಾರಿ’ ಇಡಿ, ‘ಅವರ ಹೆಸರು’ ಇಡಿ, ‘ಬಸ್ ನಂಬರ್’ ಇಡಿ. ಪ್ರತಿ ಸಲವೂ ಒಂದು ಹೊಸ ವಾಕ್ಯ, ಪ್ರತಿಯೊಂದೂ ಸರಿ. ಆದರೂ ಆ ಗೆಳೆಯರು ಇದನ್ನು ಮಾಡಲ್ಲ. ಅವರಿಗೆ ‘ಕನ್ನಡಗೊತ್ತಿಲ್ಲ’ ಅನ್ನೋದು ಒಂದೇ ಉದ್ದನೆಯ ಪದ. ಅದರೊಳಗೆ ಬದಲಾಯಿಸಬಹುದಾದ ಖಾಲಿ ಜಾಗ ಇದೆ ಅಂತ ಯಾರೂ ತೋರಿಸಿರೋದಿಲ್ಲ.

ನಮ್ಮ ಸಂಘದವರು ಸಂಜೆ ಹಾಸ್ಟೆಲ್‌ನಲ್ಲಿ ಕನ್ನಡ ಹೇಳಿಕೊಡೋಕೆ ಕೂತಾಗ ಗಮನಿಸಿದ್ದು ಇದನ್ನೇ. ಪದಗಳ ಕೊರತೆ ಅಷ್ಟಿಲ್ಲ. ನೀರು, ಊಟ, ಬೇಕು, ಬೇಡ, ಎಷ್ಟು, ಎಲ್ಲಿ ಎಲ್ಲ ಗೊತ್ತಿರುತ್ತೆ. ಆದರೆ ಮೆಡಿಕಲ್ ಶಾಪಿನವರು ‘ಏನಾಗಿದೆ?’ ಅಂತ ಕೇಳಿದಾಗ ‘ಅವನು... ಅವನ... ಜ್ವರ...’ ಅಂತ ತಡವರಿಸಿ ಇಂಗ್ಲಿಷಿಗೆ ಹೋಗಿಬಿಡ್ತಾರೆ. ‘ಅವ್ನಿಗೆ ಜ್ವರ ಬಂದಿದೆ’ ಅನ್ನೋಕೆ ಬೇಕಾದ ಮೂರೂ ಪದ ತಲೆಯಲ್ಲಿದ್ದವು, ಜೋಡಿಸೋಕೆ ಟೈಮ್ ಸಾಕಾಗಲಿಲ್ಲ. ಎದುರಿಗಿರೋರು ಕಾಯೋದು ಒಂದೆರಡು ಸೆಕೆಂಡ್ ಅಷ್ಟೇ. ಅದರೊಳಗೆ ‘ಗೆ’ ಯಾರಿಗೆ ಅಂಟಬೇಕು ಅಂತ ಯೋಚಿಸ್ತಾ ಕೂತರೆ ಮಾತು ಮುಂದಕ್ಕೆ ಹೋಗಿರುತ್ತೆ. ಜೋಡಣೆ ಯೋಚನೆ ಇಲ್ಲದೆ ಆಗಬೇಕು, ಯೋಚನೆ ಏನು ಹೇಳಬೇಕು ಅನ್ನೋದಕ್ಕೆ ಮಾತ್ರ ಉಳಿಯಬೇಕು. ಬದಲಿ ಪದದ ಡ್ರಿಲ್ ಹುಟ್ಟಿದ್ದೇ ಈ ಕೆಲಸಕ್ಕೆ.

ಇದು ಹೊಸ ಐಡಿಯಾ ಏನಲ್ಲ. ಇಂಗ್ಲೆಂಡಿನ ಹೆರಾಲ್ಡ್ ಪಾಮರ್ ಇಂಗ್ಲಿಷ್ ಕಲಿಯೋರಿಗಾಗಿ ನೂರು ಬದಲಿ ಪಟ್ಟಿಗಳ ಪುಸ್ತಕವನ್ನು 1916ರಲ್ಲೇ ತಂದಿದ್ದರು. 1940ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫ್ರೈಸ್ ಇಂಥ ಅಭ್ಯಾಸವನ್ನೇ ಪಾಠದ ಬೆನ್ನೆಲುಬು ಮಾಡಿಕೊಂಡರು. ಪಾಮರ್ ಪಟ್ಟಿಯ ಲೆಕ್ಕ ನಮ್ಮಂಥವರಿಗೆ ತಕ್ಷಣ ಹಿಡಿಸುತ್ತೆ. ಮೊದಲ ಕಂಬದಲ್ಲಿ 6 ಜನ (ನಂಗೆ, ನಿಮ್ಗೆ, ಅವ್ನಿಗೆ, ಅವ್ಳಿಗೆ, ನಮ್ಗೆ, ಅವ್ರಿಗೆ), ಎರಡನೆಯದರಲ್ಲಿ 8 ವಸ್ತು, ಮೂರನೆಯದರಲ್ಲಿ ‘ಬೇಕು, ಬೇಡ, ಇಷ್ಟ’. ಒಟ್ಟು 17 ತುಂಡು ಕಲಿತರೆ 144 ವಾಕ್ಯ. ಅದರಲ್ಲಿ ‘ಅವ್ರಿಗೆ ರಸೀದಿ ಇಷ್ಟ’ ಅನ್ನೋವಂಥ ವಿಚಿತ್ರಗಳೂ ಸೇರಿರುತ್ತೆ, ಇರಲಿ. ವ್ಯಾಕರಣಕ್ಕೆ ಅದೂ ಸರಿಯೇ.

ಡ್ರಿಲ್ ನಡೆಯೋದು ಹೀಗೆ. ಹೇಳಿಕೊಡೋರು ಮಾದರಿ ವಾಕ್ಯವನ್ನು ಮಾಮೂಲಿ ವೇಗದಲ್ಲಿ ಹೇಳ್ತಾರೆ: ‘ನಂಗೆ ನೀರು ಬೇಕು’. ಎಲ್ಲರೂ ಒಟ್ಟಿಗೆ ಎರಡು ಸಲ ಹೇಳ್ತಾರೆ. ಆಮೇಲೆ ಹೇಳಿಕೊಡೋರು ಪೂರ್ತಿ ವಾಕ್ಯ ಹೇಳಲ್ಲ, ಒಂದೇ ಪದದ ಸುಳಿವು ಕೊಡ್ತಾರೆ. ‘ಚಿಲ್ಲರೆ’ ಅಂದ್ರೆ ಕಲಿಯೋರು ‘ನಂಗೆ ಚಿಲ್ಲರೆ ಬೇಕು’ ಅನ್ನಬೇಕು. ಹೇಳಿಕೊಡೋರು ಸರಿಯಾದ ವಾಕ್ಯವನ್ನು ಒಮ್ಮೆ ಹೇಳ್ತಾರೆ, ಕಲಿಯೋರು ಅದನ್ನು ಕೇಳಿ ಮತ್ತೊಮ್ಮೆ ಹೇಳ್ತಾರೆ. ಸುಳಿವು, ಉತ್ತರ, ಸರಿ ವಾಕ್ಯ, ಮರುಹೇಳಿಕೆ ಅನ್ನೋ ಈ ನಾಲ್ಕು ಹೆಜ್ಜೆಯಲ್ಲಿ ಮೂರನೆಯದನ್ನು ಬಿಡೋ ಹಾಗಿಲ್ಲ. ಬಿಟ್ಟರೆ ತಪ್ಪಾಗಿ ಹೇಳಿದವರು ಆ ತಪ್ಪನ್ನೇ ಹತ್ತು ಸಲ ಅಭ್ಯಾಸ ಮಾಡಿ ಗಟ್ಟಿ ಮಾಡಿಕೊಳ್ತಾರೆ. ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ಒಬ್ಬೊಬ್ಬರೇ. ಹೆಸರು ಕರೆದು ಸುಳಿವು ಕೊಡಬಾರದು, ಸುಳಿವು ಕೊಟ್ಟ ಮೇಲೆ ಹೆಸರು ಕರೆಯಬೇಕು. ಇಲ್ಲಾಂದ್ರೆ ಉಳಿದವರು ಮೊಬೈಲ್ ತೆಗೀತಾರೆ.

ವಸ್ತು ಬದಲಾಯಿಸೋದು ಸುಲಭ, ಏಕೆಂದರೆ ಅಲ್ಲಿ ಪದ ಹಾಗೇ ಕೂರುತ್ತೆ. ವ್ಯಕ್ತಿಯನ್ನು ಬದಲಾಯಿಸಿದಾಗ ಕೆಲಸ ಶುರುವಾಗುತ್ತೆ. ಸುಳಿವನ್ನು ‘ಅವ್ನಿಗೆ’ ಅಂತ ಕೊಟ್ಟರೆ ಕಲಿಯೋರಿಗೆ ಮಾಡೋಕೆ ಏನೂ ಉಳಿಯಲ್ಲ. ‘ಅವನು’ ಅಂತ ಕೊಡಬೇಕು, ಅವರೇ ‘ಅವ್ನಿಗೆ ಮಾತ್ರೆ ಬೇಕು’ ಅಂತ ಮಾಡಬೇಕು. ‘ರವಿ’ಗೆ ‘ರವಿಗೆ’, ‘ಅಮ್ಮ’ನಿಗೆ ‘ಅಮ್ಮನಿಗೆ’, ‘ನಾವು’ಗೆ ‘ನಮ್ಗೆ’. ಮೂರನೇ ಸುತ್ತಿನಲ್ಲಿ ಸುಳಿವು ಯಾವ ಜಾಗದ್ದು ಅಂತ ಹೇಳದೆ ಕೊಡೋದು. ‘ಅವ್ನಿಗೆ ಮಾತ್ರೆ ಬೇಕು’ ಆದ ಮೇಲೆ ‘ಊಟ’ ಅಂದ್ರೆ ‘ಅವ್ನಿಗೆ ಊಟ ಬೇಕು’, ‘ಬೇಡ’ ಅಂದ್ರೆ ‘ಅವ್ನಿಗೆ ಊಟ ಬೇಡ’, ‘ಅವಳು’ ಅಂದ್ರೆ ‘ಅವ್ಳಿಗೆ ಊಟ ಬೇಡ’. ಹಿಂದಿನ ವಾಕ್ಯ ನೆನಪಿಟ್ಟುಕೊಂಡು ಒಂದು ತುಂಡನ್ನು ಮಾತ್ರ ಬದಲಾಯಿಸಬೇಕಾದ್ದರಿಂದ ಇಲ್ಲಿ ಎಲ್ಲರೂ ನಿಧಾನ ಆಗ್ತಾರೆ. ನಾವು ಒಂದು ಅಚ್ಚಿಗೆ ಹತ್ತು ಸುಳಿವು, ಐದೇ ನಿಮಿಷ ಅಂತ ಇಟ್ಟುಕೊಂಡಿದ್ದೇವೆ. ಅದಕ್ಕಿಂತ ಎಳೆದರೆ ಬಾಯಿ ಮಾತ್ರ ಓಡ್ತಿರುತ್ತೆ.

ಇಲ್ಲಿಯವರೆಗೆ ಹಿಂದಿ ಮಾತಾಡೋ ಗೆಳೆಯರಿಗೆ ಎಲ್ಲ ಆರಾಮ. ‘ಮುಝೇ ಪಾನೀ ಚಾಹಿಯೇ’ ಮತ್ತು ‘ನಂಗೆ ನೀರು ಬೇಕು’ ಒಂದೇ ಅಚ್ಚಿನವು. ತೊಡಕು ಬರೋದು ‘ಬೇಕು’ ಕ್ರಿಯಾಪದಕ್ಕೆ ಅಂಟಿದಾಗ. ಹಿಂದಿಯಲ್ಲಿ ‘ಮುಝೇ ಜಾನಾ ಹೈ’, ಅಲ್ಲೂ ‘ಮುಝೇ’. ಅದಕ್ಕೇ ಅವರ ಬಾಯಲ್ಲಿ ‘ನಂಗೆ ಹೋಗ್ಬೇಕು’ ಬರುತ್ತೆ. ನಾವು ಹೇಳೋದು ‘ನಾನು ಹೋಗ್ಬೇಕು’. ವಸ್ತು ಬೇಕಾದರೆ ‘ನಂಗೆ’, ಕೆಲಸ ಮಾಡಬೇಕಾದರೆ ‘ನಾನು’. ತೆಲುಗಿನವರಿಗೆ ಈ ತೊಂದರೆ ಇಲ್ಲ, ಅವರ ‘ನಾಕು ನೀಳ್ಳು ಕಾವಾಲಿ’, ‘ನೇನು ವೆಳ್ಳಾಲಿ’ ಎರಡೂ ನಮ್ಮ ಹಾಗೇ ನಡೆಯುತ್ತೆ. ಮತ್ತೆ ‘ನಂಗೆ ಹೋಗ್ಬೇಕು ಅನ್ನಿಸ್ತಿದೆ’ ಸರಿಯಾದ ಕನ್ನಡವೇ, ಯಾಕಂದ್ರೆ ಆ ‘ನಂಗೆ’ ಸೇರೋದು ‘ಅನ್ನಿಸು’ವಿಗೆ. ಯಾರಾದರೂ ಚುರುಕಿನವರು ಇದನ್ನು ಕೇಳೇ ಕೇಳ್ತಾರೆ, ಉತ್ತರ ರೆಡಿ ಇಟ್ಟುಕೊಳ್ಳಿ.

ಈ ತಪ್ಪು ಹೋಗಬೇಕಾದರೆ ಎರಡು ಅಚ್ಚನ್ನು ಬೇರೆ ಬೇರೆ ದಿನ ಅಭ್ಯಾಸ ಮಾಡಿಸಿದರೆ ಸಾಲದು. ಸೋಮವಾರ ಎಲ್ಲಾ ‘ನಂಗೆ’, ಮಂಗಳವಾರ ಎಲ್ಲಾ ‘ನಾನು’ ಅಂತ ಮಾಡಿದರೆ ಎರಡೂ ದಿನ ನೂರಕ್ಕೆ ನೂರು ಸರಿ ಬರುತ್ತೆ, ಬುಧವಾರ ಕ್ಯಾಂಟೀನಿನಲ್ಲಿ ಮತ್ತೆ ಅದೇ ತಪ್ಪು. ಕಾರಣ, ಆ ಎರಡು ದಿನದಲ್ಲಿ ಅವರು ಯಾವುದನ್ನೂ ಆರಿಸಲೇ ಇಲ್ಲ, ಆಯ್ಕೆಯನ್ನು ನಾವೇ ಮಾಡಿಕೊಟ್ಟಿದ್ದೆವು. ಆದ್ದರಿಂದ ಮೂರನೇ ದಿನ ಸುಳಿವುಗಳನ್ನು ಕಲಸಿ ಕೊಡಬೇಕು: ನೀರು, ಹೋಗು, ಚಿಲ್ಲರೆ, ಮಲಗು, ಪೆನ್ನು, ಓದು. ಉತ್ತರ ‘ನಂಗೆ ನೀರು ಬೇಕು’, ‘ನಾನು ಹೋಗ್ಬೇಕು’, ‘ನಂಗೆ ಚಿಲ್ಲರೆ ಬೇಕು’, ‘ನಾನು ಮಲಗ್ಬೇಕು’ ಹೀಗೆ ಸಾಗಬೇಕು. ಮೊದಮೊದಲು ವೇಗ ಅರ್ಧಕ್ಕೆ ಇಳಿಯುತ್ತೆ, ಕ್ಲಾಸು ಗಲಿಬಿಲಿ ಅನ್ನಿಸುತ್ತೆ. ನಮ್ಮ ಪ್ರಕಾರ ಇಡೀ ವಾರದಲ್ಲಿ ಕೆಲಸಕ್ಕೆ ಬರೋ ಐದು ನಿಮಿಷ ಅಂದ್ರೆ ಇದೇ.

ಡ್ರಿಲ್‌ಗೆ ಕೆಟ್ಟ ಹೆಸರು ಬಂದದ್ದೂ ಸುಮ್ಮನೆ ಅಲ್ಲ. ಕಲಿಯೋರಿಗೆ ‘ನಂಗೆ ಟಿಂಬಕ ಬೇಕು’ ಅನ್ನೋ ಉತ್ತರ ಬರೋ ಹಾಗೆ ‘ಟಿಂಬಕ’ ಅಂತ ಸುಳಿವು ಕೊಟ್ಟು ನೋಡಿ. ಯಾರೂ ಹುಬ್ಬೇರಿಸದೆ ಸಲೀಸಾಗಿ ಹೇಳ್ತಾರೆ. ಅಂಥ ಪದವೇ ಇಲ್ಲ. ಅಂದರೆ ಅರ್ಥ ತಿಳಿಯದಿದ್ದರೂ ಈ ಅಭ್ಯಾಸ ಸರಿಯಾಗಿ ನಡೆಯುತ್ತೆ. 1970ರಲ್ಲಿ ಕ್ರಿಸ್ಟೀನಾ ಪಾಲ್‌ಸ್ಟನ್ ಇದೇ ಕಾರಣಕ್ಕೆ ಡ್ರಿಲ್‌ಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ಯಾಂತ್ರಿಕ, ಈಗ ಹೇಳಿದ್ದು. ಎರಡನೆಯದರಲ್ಲಿ ಅರ್ಥ ಗೊತ್ತಿಲ್ಲದೆ ಉತ್ತರ ಕೊಡೋಕೆ ಆಗಲ್ಲ, ಆದರೆ ಉತ್ತರ ಏನು ಅಂತ ಕೇಳುವವರಿಗೂ ಗೊತ್ತಿರುತ್ತೆ. ಖಾಲಿ ಬಾಟಲಿ ತೋರಿಸಿ ‘ಇವ್ರಿಗೆ ಏನು ಬೇಕು?’ ಅಂತ ಕೇಳೋದು ಈ ಬಗೆ. ಮೂರನೆಯದರಲ್ಲಿ ಕೇಳುವವರಿಗೆ ನಿಜವಾಗಲೂ ಉತ್ತರ ಗೊತ್ತಿರಲ್ಲ: ‘ಭಾನುವಾರ ನೀವು ಏನು ಮಾಡ್ಬೇಕು?’, ‘ನಿಮ್ಗೆ ಮೆಸ್ಸಿನಲ್ಲಿ ಯಾವ ತಿಂಡಿ ಬೇಡ?’ ಈ ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರಗಳ ಮಳೆಯೇ ಸುರಿಯುತ್ತೆ, ಉಪ್ಪಿಟ್ಟಿನ ಬಗ್ಗೆ ವಿಶೇಷವಾಗಿ. ಮೊದಲ ಬಗೆಯಲ್ಲೇ ನಿಂತರೆ ಬರೀ ಮಂತ್ರ ಹೇಳಿದಂತೆ. ಮೊದಲನೆಯದನ್ನು ಪೂರ್ತಿ ಬಿಟ್ಟು ನೇರ ಮೂರನೆಯದಕ್ಕೆ ಹಾರಿದರೆ ಒಂದೇ ಪದದ ಉತ್ತರ ಬರುತ್ತೆ: ‘ಉಪ್ಪಿಟ್ಟು!’ ಅರ್ಥವಾಯ್ತು, ಆದರೆ ವಾಕ್ಯ ಆಗಲಿಲ್ಲ.

ಅಚ್ಚು ಬಾಯಿಗೆ ಬಂದಿದೆಯಾ ಅಂತ ತಿಳಿಯೋಕೆ ಡ್ರಿಲ್ ಒಳಗಿನ ಉತ್ತರ ಸಾಕ್ಷಿ ಅಲ್ಲ. ಎರಡು ದಿನ ಬಿಟ್ಟು, ಮೆಟ್ಟಿಲು ಹತ್ತುವಾಗಲೋ ಶಟಲ್ ಆಡುವಾಗಲೋ ಹಠಾತ್ತಾಗಿ ಕೇಳಬೇಕು: ‘ಎಲ್ಲಿಗೆ ಹೋಗ್ಬೇಕು?’ ಗಮನ ಬೇರೆ ಕಡೆ ಇದ್ದಾಗಲೂ ‘ನಾನು ಲ್ಯಾಬಿಗೆ ಹೋಗ್ಬೇಕು’ ಅಂತ ತಡೆಯಿಲ್ಲದೆ ಬಂದರೆ ಬಂದಿದೆ. ‘ನಂಗೆ... ಅಲ್ಲ, ನಾನು...’ ಅಂತ ತಾವೇ ತಿದ್ದಿಕೊಂಡರೆ ಅರ್ಧ ಬಂದಿದೆ, ನಿಯಮ ಗೊತ್ತು, ನಾಲಿಗೆಗೆ ಇನ್ನೂ ಇಳಿದಿಲ್ಲ.

ಯಾವ ಅಚ್ಚನ್ನು ಆರಿಸ್ತೀರಿ ಅನ್ನೋದೂ ನೋಡಿಕೊಳ್ಳಬೇಕು. ಕ್ಯಾಂಟೀನಿನಲ್ಲಿ ನಮ್ಮಲ್ಲಿ ಯಾರೂ ‘ನಂಗೆ ಒಂದು ಕಾಫಿ ಬೇಕು’ ಅಂತ ಆರ್ಡರ್ ಮಾಡಲ್ಲ, ‘ಅಣ್ಣಾ, ಒಂದು ಕಾಫಿ ಕೊಡಿ’ ಅಂತೀವಿ. ‘ಬೇಕು’ ಬರೋದು ಅವರು ‘ಏನ್ ಬೇಕು?’ ಅಂದಾಗ, ಇಲ್ಲಾ ‘ಚಟ್ನಿ ಬೇಡ’ ಅನ್ನುವಾಗ. ಹಾಗಾಗಿ ಕೌಂಟರಿಗೆ ‘ಕೊಡಿ’ ಅಚ್ಚನ್ನೇ ಬೇರೆ ಡ್ರಿಲ್ ಮಾಡಿಸಬೇಕು. ಪುಸ್ತಕದ ‘ನನಗೆ’ ಬದಲು ‘ನಂಗೆ’ ಇಟ್ಟಿರೋದೂ ಅದಕ್ಕೇ, ಕಿವಿಗೆ ಬೀಳೋದು ಅದು.

ಕೊನೆಗೆ, ಅಚ್ಚು ಗಟ್ಟಿಯಾದ ಮೇಲೆ ಬರೋ ಒಂದು ತಪ್ಪು. ‘ಬೇಕು’ ಇದ್ದಲ್ಲಿ ‘ಬೇಡ’ ಇಡೋದು ರೂಢಿಯಾದವರು ‘ನಾನು ಹೋಗ್ಬೇಕು’ ಅನ್ನೋದನ್ನು ‘ನಾನು ಹೋಗ್ಬೇಡ’ ಅಂತ ಮಾಡ್ತಾರೆ. ‘ಹೋಗ್ಬೇಡ’ ನಾವು ಇನ್ನೊಬ್ಬರಿಗೆ ಹೇಳೋ ಮಾತು. ತನ್ನ ಬಗ್ಗೆ ಆದರೆ ‘ನಾನು ಹೋಗ್ಬೇಕಾಗಿಲ್ಲ’, ಹೋಗೋದು ತಪ್ಪು ಅನ್ನೋದಾದರೆ ‘ನಾನು ಹೋಗಬಾರದು’. ಇವೆರಡು ಖಾಲಿ ಜಾಗ ತುಂಬೋದರಿಂದ ಸಿಗಲ್ಲ, ಬೇರೆಯೇ ಅಚ್ಚುಗಳು. ಮುಂದಿನ ವಾರದ ಹತ್ತು ಸುಳಿವು ಅವಕ್ಕೆ.