ಯಾವ ಊರು, ಯಾವ ತಿಂಗಳು, ಎಷ್ಟು ವ್ಯಾಪಾರ?

ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ತಯಾರಿಸಿ ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಅಂಗಡಿಗಳಿಗೆ ಸಗಟಾಗಿ ಕಳಿಸುವವರೊಬ್ಬರು ಇದ್ದಾರೆ ಎಂದುಕೊಳ್ಳಿ. ಪ್ರತಿ ಬಿಲ್ಲೂ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು. ವರ್ಷ ಕಳೆಯುವ ಹೊತ್ತಿಗೆ ಸಾವಿರಾರು ಸಾಲುಗಳಾಗುತ್ತವೆ. ಆಗ ‘ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಎಷ್ಟು ಹೋಯಿತು?’ ಎಂದು ಕೇಳಿದರೆ ಉತ್ತರ ಹುಡುಕುವುದು ಹೇಗೆ? ಫಿಲ್ಟರ್ ಹಾಕಿ ಊರು ಆರಿಸಿ, ತಿಂಗಳು ಆರಿಸಿ, ಒಟ್ಟು ನೋಡಿ ಬರೆದುಕೊಳ್ಳಬಹುದು. ಆದರೆ ಮೂರು ಊರು, ಹನ್ನೆರಡು ತಿಂಗಳು ಎಂದರೆ ಅದನ್ನೇ ಮೂವತ್ತಾರು ಸಲ ಮಾಡಬೇಕು. ಹಳೆಯ ಬಿಲ್ ಒಂದನ್ನು ತಿದ್ದಿದರೆ ಬರೆದಿಟ್ಟ ಲೆಕ್ಕ ತಾನಾಗಿ ಬದಲಾಗುವುದಿಲ್ಲ. ಈ ಕೆಲಸಕ್ಕೆಂದೇ 2007ರ ಎಕ್ಸೆಲ್‌ನಿಂದ SUMIFS ಎಂಬ ಫಾರ್ಮುಲಾ ಇದೆ. ಅದಕ್ಕೂ ಮೊದಲಿದ್ದ SUMIF ಒಂದೇ ಷರತ್ತನ್ನು ನೋಡುತ್ತದೆ. SUMIFS ಹಲವು ಷರತ್ತುಗಳನ್ನು ಒಟ್ಟಿಗೆ ನೋಡಿ, ಅವೆಲ್ಲಕ್ಕೂ ಒಪ್ಪುವ ಸಾಲುಗಳನ್ನು ಮಾತ್ರ ಕೂಡುತ್ತದೆ.

ಆರೇ ಬಿಲ್ಲುಗಳ ಪುಟ್ಟ ಹಾಳೆಯಲ್ಲಿ ಇದನ್ನು ಮಾಡಿ ನೋಡೋಣ. ಮೊದಲ ಸಾಲಿನಲ್ಲಿ ತಲೆಬರಹಗಳು, ಎರಡರಿಂದ ಏಳನೇ ಸಾಲಿನವರೆಗೆ ಬಿಲ್ಲುಗಳು.

```
     A            B          C
1  ದಿನಾಂಕ        ಊರು        ಮೊತ್ತ
2  02-04-2025   ಮೈಸೂರು     18400
3  11-04-2025   ಹುಬ್ಬಳ್ಳಿ    22000
4  19-04-2025   ಹುಬ್ಬಳ್ಳಿ     9500
5  30-04-2025   ಹುಬ್ಬಳ್ಳಿ    14250
6  01-05-2025   ಮಂಗಳೂರು    16000
7  06-05-2025   ಹುಬ್ಬಳ್ಳಿ    12750
```

ಪಕ್ಕದಲ್ಲೇ ಸಾರಾಂಶದ ಕೋಷ್ಟಕ ಮಾಡಿಕೊಳ್ಳಿ. E2, E3, E4ರಲ್ಲಿ ಮೈಸೂರು, ಹುಬ್ಬಳ್ಳಿ, ಮಂಗಳೂರು ಎಂದು ಬರೆಯಿರಿ. F1ರಲ್ಲಿ ‘ಏಪ್ರಿಲ್’ ಎಂದು ಅಕ್ಷರದಲ್ಲಿ ಬರೆಯಬೇಡಿ, ಆ ತಿಂಗಳ ಮೊದಲ ದಿನವಾದ 2025ರ ಏಪ್ರಿಲ್ 1ನ್ನು ದಿನಾಂಕವಾಗಿಯೇ ತುಂಬಿ. G1ರಲ್ಲಿ ಮೇ 1. ತಿಂಗಳು, ವರ್ಷ ಮಾತ್ರ ಕಾಣಬೇಕೆಂದರೆ ಸೆಲ್‌ನ ಫಾರ್ಮ್ಯಾಟನ್ನು mmm-yy ಎಂದು ಬದಲಿಸಿದರಾಯಿತು, ಒಳಗಿನ ದಿನಾಂಕ ಹಾಗೆಯೇ ಉಳಿಯುತ್ತದೆ.

ಹೀಗೇಕೆ ಎಂದರೆ, ಹಾಳೆಯಲ್ಲಿ ತಿಂಗಳಿಗೆ ಬೇರೆ ಕಾಲಂ ಇಲ್ಲ, ದಿನಾಂಕ ಮಾತ್ರ ಇದೆ. ಎಕ್ಸೆಲ್‌ನ ಪಾಲಿಗೆ ದಿನಾಂಕವೆಂದರೆ ಒಂದು ಸಂಖ್ಯೆ. 1900ರ ಜನವರಿ 1ನ್ನು ಒಂದು ಎಂದಿಟ್ಟುಕೊಂಡು ಅದು ದಿನಗಳನ್ನು ಎಣಿಸುತ್ತಾ ಬರುತ್ತದೆ. ಆ ಎಣಿಕೆಯಲ್ಲಿ 2025ರ ಏಪ್ರಿಲ್ 1 ಅಂದರೆ 45748, ಮೇ 1 ಅಂದರೆ 45778. ಹಾಗಾಗಿ ‘ಏಪ್ರಿಲ್ ತಿಂಗಳು’ ಎಂಬ ಒಂದು ಮಾತನ್ನು ನಾವು ಎರಡು ಷರತ್ತಾಗಿ ಒಡೆದು ಹೇಳಬೇಕು: ದಿನಾಂಕ ಏಪ್ರಿಲ್ 1 ಅಥವಾ ಅದರ ನಂತರದ್ದಾಗಿರಬೇಕು, ಮತ್ತು ಮೇ 1ಕ್ಕಿಂತ ಮೊದಲಿನದಾಗಿರಬೇಕು. ಊರಿನದೂ ಸೇರಿ ಒಟ್ಟು ಮೂರು ಷರತ್ತು. F2ರಲ್ಲಿ ಬರೆಯಬೇಕಾದದ್ದು ಇದು:

```
=SUMIFS($C$2:$C$7,
        $B$2:$B$7, $E2,
        $A$2:$A$7, ">="&F$1,
        $A$2:$A$7, "<"&EDATE(F$1,1))
```

ಮೊದಲ ಸಾಲು ಕೂಡಬೇಕಾದ ಮೊತ್ತದ ಕಾಲಂ. ಅಲ್ಲಿಂದ ಮುಂದೆ ಎಲ್ಲವೂ ಜೋಡಿ: ಎಲ್ಲಿ ನೋಡಬೇಕು, ಏನು ನೋಡಬೇಕು. B ಕಾಲಂನಲ್ಲಿ E2ರ ಊರು ಇರಬೇಕು. A ಕಾಲಂನ ದಿನಾಂಕ F1ಕ್ಕೆ ಸಮ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಅದೇ ದಿನಾಂಕ, F1ಕ್ಕೆ ಒಂದು ತಿಂಗಳು ಸೇರಿಸಿದರೆ ಬರುವ ದಿನಕ್ಕಿಂತ ಚಿಕ್ಕದಿರಬೇಕು. ಆ ಒಂದು ತಿಂಗಳು ಸೇರಿಸುವುದು EDATEನ ಕೆಲಸ. ಹೋಲಿಕೆಯ ಚಿಹ್ನೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು, & ಹಾಕಿ ಸೆಲ್‌ಗೆ ಜೋಡಿಸಬೇಕು. ">=F1" ಎಂದು ಎಲ್ಲವನ್ನೂ ಒಳಗೇ ಬರೆದರೆ ಎಕ್ಸೆಲ್ ಅದನ್ನು ಬರೀ ಅಕ್ಷರವೆಂದು ತಿಳಿಯುತ್ತದೆ, ಉತ್ತರ ಸೊನ್ನೆ ಬರುತ್ತದೆ.

$ ಚಿಹ್ನೆ ಸೆಲ್‌ನ ವಿಳಾಸವನ್ನು ಹಿಡಿದಿಡುತ್ತದೆ. $E2 ಎಂದರೆ ಬಲಕ್ಕೆ ಎಳೆದರೂ ಊರಿನ ಕಾಲಂ ಬದಲಾಗದು, F$1 ಎಂದರೆ ಕೆಳಕ್ಕೆ ಎಳೆದರೂ ತಿಂಗಳ ಸಾಲು ಬದಲಾಗದು. ಇಷ್ಟಾದ ಮೇಲೆ F2ನ್ನು G4ರವರೆಗೆ ಎಳೆದರೆ ಆರೂ ಮನೆಗಳು ತುಂಬುತ್ತವೆ. ಏಪ್ರಿಲ್‌ನಲ್ಲಿ ಮೈಸೂರು 18,400, ಹುಬ್ಬಳ್ಳಿ 45,750, ಮಂಗಳೂರು ಸೊನ್ನೆ. ಮೇನಲ್ಲಿ ಮೈಸೂರು ಸೊನ್ನೆ, ಹುಬ್ಬಳ್ಳಿ 12,750, ಮಂಗಳೂರು 16,000.

‘ಏಪ್ರಿಲ್ 30ರವರೆಗೆ’ ಎಂದೇ ನೇರವಾಗಿ ಬರೆಯಬಾರದೇಕೆ ಎಂದು ಕೇಳಬಹುದು. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಇಳಿಸಿಕೊಂಡ ದಿನಾಂಕಕ್ಕೆ ಬಹಳ ಸಲ ಗಂಟೆ ನಿಮಿಷವೂ ಅಂಟಿಕೊಂಡಿರುತ್ತದೆ, ಹಾಳೆಯಲ್ಲಿ ಕಾಣುವುದು ದಿನ ಮಾತ್ರ. ಐದನೇ ಸಾಲಿನ ಬಿಲ್ ಏಪ್ರಿಲ್ 30ರ ಸಂಜೆ ಆರು ಗಂಟೆಯದಾಗಿದ್ದರೆ ಅದರ ಸಂಖ್ಯೆ 45777.75. ಏಪ್ರಿಲ್ 30 ಎಂದರೆ ಬರೀ 45777, ಅಂದರೆ ಆ ದಿನ ಶುರುವಾಗುವ ಮಧ್ಯರಾತ್ರಿ. ಸಂಜೆಯ ಬಿಲ್ ಅದಕ್ಕಿಂತ ದೊಡ್ಡದಾದ್ದರಿಂದ ಹೊರಗುಳಿಯುತ್ತದೆ, ಹುಬ್ಬಳ್ಳಿಯ ಏಪ್ರಿಲ್ 31,500ಕ್ಕೆ ಇಳಿಯುತ್ತದೆ. ‘ಮೇ 1ಕ್ಕಿಂತ ಮೊದಲು’ ಎಂದರೆ ಈ ತೊಂದರೆಯೇ ಇಲ್ಲ. ತಿಂಗಳಿಗೆ 30 ದಿನವೋ 31 ದಿನವೋ ಎಂದು ಯೋಚಿಸುವ ಕೆಲಸವೂ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು. ಕಂಪ್ಯೂಟರ್‌ನ ಸೆಟ್ಟಿಂಗ್ ಅಮೆರಿಕದ್ದಾಗಿದ್ದು, ಈ ಹಾಳೆಯನ್ನೇ CSV ಕಡತವಾಗಿ ತೆರೆದರೆ 02-04 ಫೆಬ್ರವರಿ 4 ಆಗುತ್ತದೆ, 11-04 ನವೆಂಬರ್ 4 ಆಗುತ್ತದೆ. 19 ಮತ್ತು 30ನೇ ತಿಂಗಳುಗಳು ಇಲ್ಲದ್ದರಿಂದ ಆ ಎರಡು ಸಾಲು ದಿನಾಂಕವಾಗದೆ ಬರೀ ಅಕ್ಷರವಾಗಿ ಉಳಿಯುತ್ತವೆ. ಫಾರ್ಮುಲಾದಲ್ಲಿ ತಪ್ಪಿಲ್ಲದಿದ್ದರೂ ಆರು ಮನೆಗಳಲ್ಲೂ ಸೊನ್ನೆ! ಗುರುತಿಸುವುದು ಸುಲಭ. ನೀವಾಗಿ ಜೋಡಣೆ ಬದಲಿಸದಿದ್ದರೆ ನಿಜವಾದ ದಿನಾಂಕ ಸೆಲ್‌ನ ಬಲಬದಿಗೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಅಲ್ಲೇ ನಿಲ್ಲಿ. ಎಡಕ್ಕಿರುವವನ್ನು ಮಾತ್ರ ತಿದ್ದಿದರೆ ಸಾಲದು, ಬಲಕ್ಕಿರುವವೂ ಆಗಲೇ ತಿರುವುಮುರುವಾಗಿರುತ್ತವೆ. ಕಡತವನ್ನು ಮತ್ತೆ ತರಿಸಿಕೊಂಡು, ತರಿಸುವಾಗಲೇ ಆ ಕಾಲಂಗೆ DMY ಎಂದು ಆರಿಸುವುದೇ ಸರಿಯಾದ ದಾರಿ.

ಊರಿನ ಹೆಸರಿಗೂ ಇಂಥದೇ ಎಚ್ಚರಿಕೆ ಬೇಕು. ಒಬ್ಬರು ‘ಹುಬ್ಬಳ್ಳಿ’ ಎಂದೂ ಇನ್ನೊಬ್ಬರು ‘ಹುಬ್ಳಿ’ ಎಂದೂ ತುಂಬಿದರೆ SUMIFSಗೆ ಅವು ಎರಡು ಊರು. ಕೊನೆಯಲ್ಲೊಂದು ಖಾಲಿ ಜಾಗ ಉಳಿದಿದ್ದರೂ ಸಾಲು ಲೆಕ್ಕಕ್ಕೆ ಬರುವುದಿಲ್ಲ, ಅದು ಕಣ್ಣಿಗೂ ಕಾಣುವುದಿಲ್ಲ. Data Validationನಲ್ಲಿ ಊರುಗಳ ಪಟ್ಟಿ ಕೊಟ್ಟು, ಟೈಪ್ ಮಾಡುವ ಬದಲು ಆರಿಸುವಂತೆ ಮಾಡಿದರೆ ಈ ಗೊಂದಲ ಹುಟ್ಟುವುದೇ ಇಲ್ಲ.

ಇಲ್ಲಿ ಹೇಳಿದ ಯಾವ ತಪ್ಪಿಗೂ ಎಕ್ಸೆಲ್ ಎಚ್ಚರಿಕೆ ಕೊಡುವುದಿಲ್ಲ, ಕಡಿಮೆ ಮೊತ್ತ ತೋರಿಸಿ ಸುಮ್ಮನಿರುತ್ತದೆ. ಆದ್ದರಿಂದ ಕೋಷ್ಟಕದ ಕೆಳಗೆ ತಾಳೆ ನೋಡುವ ಸಾಲೊಂದು ಇರಲೇಬೇಕು:

```
=SUM(C:C)-SUM(F2:G4)
```

ನಮ್ಮ ಹಾಳೆಯಲ್ಲಿ ಎರಡು ಕಡೆಯೂ 92,900, ವ್ಯತ್ಯಾಸ ಸೊನ್ನೆ. ನಾಳೆ ಎಂಟನೇ ಸಾಲಿಗೆ ಹೊಸ ಬಿಲ್ ಸೇರಿಸಿ ಫಾರ್ಮುಲಾದ 7ನ್ನು 8 ಮಾಡಲು ಮರೆತರೆ, ಆ ಬಿಲ್ಲಿನ ಮೊತ್ತವೇ ಇಲ್ಲಿ ಎದ್ದು ಕಾಣುತ್ತದೆ. ಬದಲಿಸುವಾಗ ಮೂರೂ ಕಾಲಂಗಳನ್ನು ಒಂದೇ ಉದ್ದಕ್ಕೆ ಬದಲಿಸಿ, ಉದ್ದ ಬೇರೆಯಾದರೆ #VALUE! ಬರುತ್ತದೆ. ಈ ತಾಳೆಗೂ ಸಿಗದ ತಪ್ಪು ಒಂದಿದೆ: ಏಪ್ರಿಲ್ 5ರ ಬಿಲ್ ತಿರುವುಮುರುವಾಗಿ ಮೇ 4 ಆದರೆ ಹಣ ತಪ್ಪು ತಿಂಗಳಿಗೆ ಹೋಗುತ್ತದೆ, ಒಟ್ಟು ಮಾತ್ರ ಸರಿಯಾಗಿಯೇ ಇರುತ್ತದೆ. ಹಾಗಾಗಿ ವ್ಯತ್ಯಾಸ ಸೊನ್ನೆ ಬಂದ ಮೇಲೂ, ಕಡತ ತರಿಸಿದ ದಿನ ನಾಲ್ಕಾರು ಬಿಲ್ಲುಗಳನ್ನು ಕೈಗೆತ್ತಿಕೊಂಡು ಅವುಗಳ ದಿನಾಂಕವನ್ನು ಹಾಳೆಯೊಂದಿಗೆ ಹೋಲಿಸಿ ನೋಡಬೇಕು.