ಹೆಸರಿನ ಬಾಲದಲ್ಲೊಂದು ಅಕ್ಷರ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ MANJUNATHA H M. ಪ್ಯಾನ್‌ನಲ್ಲಿ HOSAHALLI MAHADEVAPPA MANJUNATH. ಆಧಾರ್‌ನಲ್ಲಿ ಬರೀ Manjunath, ಪಾಸ್‌ಬುಕ್ಕಿನಲ್ಲಿ H M MANJUNATHA. ಊರಿನವರಿಗೆ ಇವರೆಲ್ಲ ಒಬ್ಬನೇ ಮಂಜುನಾಥ. ಅಕ್ಷರಕ್ಕೆ ಅಕ್ಷರ ಹೋಲಿಸುವ ಕಂಪ್ಯೂಟರಿಗೆ ನಾಲ್ವರು.

ಇದು ಕಲ್ಪಿತ ಉದಾಹರಣೆ. ಆದರೆ ಇಂಥ ಹೆಸರುಗಳು ಕರ್ನಾಟಕದಲ್ಲಿ ಮನೆಗೊಂದು ಸಿಗುತ್ತವೆ. ಊರು, ತಂದೆ ಇಬ್ಬರೂ ನಮ್ಮಲ್ಲಿ ಇನಿಷಿಯಲ್ ಆಗಿ ನಿಲ್ಲುತ್ತಾರೆ. ಪ್ಯಾನ್ ಅರ್ಜಿಯಲ್ಲೋ ಕೊನೆಯ ಹೆಸರಿನ ಕಾಲಂ ಖಾಲಿ ಬಿಡುವಂತಿಲ್ಲ, ಅಲ್ಲಿ ಇನಿಷಿಯಲ್ಲೂ ನಡೆಯದು. ಹೀಗಾಗಿ ಊರು, ಅಪ್ಪ ಪೂರ್ತಿ ಹೆಸರಾಗಿ ಬಿಚ್ಚಿಕೊಳ್ಳುತ್ತಾರೆ.

ಹುಟ್ಟಿದ ದಿನಾಂಕದ ಕಥೆ ಇನ್ನೂ ಸ್ವಾರಸ್ಯದ್ದು. ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಜೂನ್ 1, ಹಳೆಯ ತಲೆಮಾರಿನ ಅನೇಕರ ಅಧಿಕೃತ ಜನ್ಮದಿನ. ಆಧಾರ್ ನೋಂದಣಿಯಲ್ಲಿ ದಾಖಲೆ ಕೊಡದವರ ಕಾರ್ಡಿನಲ್ಲಿ ಬರೀ ಇಸವಿ ಅಚ್ಚಾಗಿರುವುದೂ ಉಂಟು. ಪಾಸ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಜನ್ಮದಿನಾಂಕ ಇರುವುದೇ ಇಲ್ಲ. ಬ್ಯಾಂಕಿನಲ್ಲಿ ಏನು ದಾಖಲಾಗಿದೆ ಎಂಬುದು ಶಾಖೆಯಲ್ಲಿ ಕೇಳಿದಾಗಲೇ ತಿಳಿಯುವುದು. ಅಲ್ಲಿ ತಪ್ಪಿದ್ದರೆ ಹಿರಿಯ ನಾಗರಿಕರ ಬಡ್ಡಿಗೂ ಕುತ್ತು.

ಕೆವೈಸಿ ಅರ್ಜಿ ತಿರುಗಿ ಬಂದೊಡನೆ ಹೆಚ್ಚಿನವರು ಆಧಾರ್ ಕೇಂದ್ರಕ್ಕೆ ಓಡುತ್ತಾರೆ. ಎಡವುವುದು ಅಲ್ಲೇ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ 2 ಅವಕಾಶ, ಜನ್ಮದಿನಾಂಕಕ್ಕೆ 1 ಮಾತ್ರ. ಪಾಸ್‌ಬುಕ್ಕಿಗೆ ಹೊಂದಲಿ ಎಂದು ಆ ಒಂದನ್ನು ಬಳಸಿಬಿಟ್ಟು, ಮುಂದೆ ಪಿಎಫ್ ಕಚೇರಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳಿದರೆ? ಮಿತಿ ಮೀರಿದ ತಿದ್ದುಪಡಿಗೆ ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯ ವಿಶೇಷ ಒಪ್ಪಿಗೆ ಬೇಕು.

ಅದಕ್ಕೇ ಮೊದಲು ನಾಲ್ಕೂ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಇಂಗ್ಲಿಷ್ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳುವುದು ಲೇಸು. ಕೊನೆಯ a, ಇನಿಷಿಯಲ್ಲಿನ ಜಾಗ, Lakshmi–Laxmi ವ್ಯತ್ಯಾಸ ಆಗ ತಾನಾಗಿ ಕಣ್ಣಿಗೆ ಬೀಳುತ್ತವೆ. ಮಂಜುನಾಥನ ಹಾಳೆಯಲ್ಲಿ ಗಟ್ಟಿ ನೆಲೆಯೆಂದರೆ ಅಂಕಪಟ್ಟಿ: ತಿದ್ದಲು ಅತಿ ಕಷ್ಟವಾದದ್ದೂ ಅದೇ. ಅದನ್ನು ತೋರಿಸಿ ಆಧಾರ್, ಆಧಾರ್ ಸರಿಯಾದ ಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್. ಪ್ಯಾನ್‌ನಲ್ಲಿ ಹೆಸರು ಉದ್ದವಾಗಿಯೇ ಉಳಿಯುವುದರಿಂದ ಆಧಾರ್‌ನಲ್ಲೂ ಇನಿಷಿಯಲ್ ಬಿಚ್ಚಿ ಬರೆಸಬಹುದೇ ಎಂದು ಮೊದಲೇ ಯೋಚಿಸಿಕೊಳ್ಳಬೇಕು. ಮದುವೆಯ ನಂತರ ಹೆಸರು ಬದಲಾದವರ ಹಾದಿ ಬೇರೆ: ಹಳೆಯ ಹೆಸರಿನ ಗುರುತಿನ ಚೀಟಿಯ ಜೊತೆ ವಿವಾಹ ನೋಂದಣಿ ಪತ್ರ ಇಟ್ಟರೆ ಬ್ಯಾಂಕ್ ಒಪ್ಪುತ್ತದೆ.

ವಿಳಾಸಕ್ಕೆ ಇಷ್ಟು ಕಾಟವಿಲ್ಲ. ಆಧಾರ್‌ನಲ್ಲಿ ಅದನ್ನು ಎಷ್ಟು ಸಲವಾದರೂ ತಿದ್ದಬಹುದು.

ಹಳೆಯ ಗ್ರಾಹಕರು ಇನ್ನೊಂದನ್ನು ವಿಚಾರಿಸಬೇಕು: ಉಳಿತಾಯ ಖಾತೆಗೂ ಸಾಲಕ್ಕೂ ಬ್ಯಾಂಕ್ ಬೇರೆ ಬೇರೆ ಗ್ರಾಹಕ ಸಂಖ್ಯೆ ಕೊಟ್ಟಿದ್ದರೆ, ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ತಲುಪದೇ ಹೋಗಬಹುದು.