ಅಪ್ಪನ ಷೇರು, ಏಳು ವರ್ಷದ ಲೆಕ್ಕ

ದಾವಣಗೆರೆಯ ಒಬ್ಬ ನಿವೃತ್ತ ಶಿಕ್ಷಕರ ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೇಷ್ಟ್ರು ತೀರಿಕೊಂಡದ್ದು 2020ರ ಮಾರ್ಚ್‌ನಲ್ಲಿ. ಐದು ವರ್ಷದ ನಂತರ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಟ್ರಂಕಿನಲ್ಲಿ ಮಗಳಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಗುತ್ತದೆ. ಅದರೊಳಗೆ ಒಂದು ಕಂಪನಿಯ ಸಾವಿರ ಷೇರುಗಳ ಪ್ರಮಾಣಪತ್ರಗಳು, ಜೊತೆಗೆ ಬ್ಯಾಂಕಿಗೆ ಹಾಕದೆ ಹಾಗೇ ಉಳಿದ 2013 ಮತ್ತು 2014ರ ಎರಡು ಡಿವಿಡೆಂಡ್ ವಾರಂಟ್. ಷೇರಿನ ಬೆಲೆ ಈಗ 320 ರೂಪಾಯಿ. ಅಂದರೆ ಆ ಚೀಲದಲ್ಲಿ 3 ಲಕ್ಷ 20 ಸಾವಿರ ರೂಪಾಯಿ ಇದೆ.

ಅದನ್ನು ಕೇಳಬೇಕಾದದ್ದು ರಿಜಿಸ್ಟ್ರಾರ್ ಬಳಿ. ಷೇರುದಾರರ ಪಟ್ಟಿ, ವಿಳಾಸ, ಡಿವಿಡೆಂಡ್ ಲೆಕ್ಕ ಎಲ್ಲವನ್ನೂ ಕಂಪನಿಯ ಪರವಾಗಿ ನೋಡಿಕೊಳ್ಳುವ ಸಂಸ್ಥೆ ಅದು. ಪ್ರಮಾಣಪತ್ರದ ಮೇಲೆ ಮುದ್ರಿಸಿದ ವಿಳಾಸ ಈಗ ಬದಲಾಗಿರಬಹುದು. ಹಾಗಾಗಿ ಕಂಪನಿಯ ಜಾಲತಾಣದಲ್ಲಿ ಹೂಡಿಕೆದಾರರ ಪುಟವನ್ನೋ ಇತ್ತೀಚಿನ ವಾರ್ಷಿಕ ವರದಿಯನ್ನೋ ನೋಡಿ ಈಗಿನ ರಿಜಿಸ್ಟ್ರಾರ್ ಯಾರೆಂದು ತಿಳಿದುಕೊಳ್ಳಬೇಕು. ಮೊದಲ ಪತ್ರದಲ್ಲಿ ಫೋಲಿಯೊ ಸಂಖ್ಯೆ ಬರೆದು, ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಎರಡೇ ಪ್ರಶ್ನೆ ಕೇಳಿದರೆ ಸಾಕು: ಈ ಫೋಲಿಯೊದಲ್ಲಿ ಈಗ ಎಷ್ಟು ಷೇರು ಇವೆ? ಯಾವ ಯಾವ ವರ್ಷದ ಡಿವಿಡೆಂಡ್ ಪಾವತಿಯಾಗಿಲ್ಲ?

ಎರಡನೆಯ ಪ್ರಶ್ನೆಯ ಉತ್ತರದ ಮೇಲೆ ಮುಂದಿನ ದಾರಿ ನಿಂತಿದೆ. ಘೋಷಿಸಿದ ಡಿವಿಡೆಂಡ್ 30 ದಿನದೊಳಗೆ ಪಾವತಿಯಾಗದಿದ್ದರೆ ಕಂಪನಿ ಆ ಹಣವನ್ನು ಮುಂದಿನ 7 ದಿನದೊಳಗೆ ಒಂದು ಪ್ರತ್ಯೇಕ ಖಾತೆಗೆ ಹಾಕಬೇಕು. ಅಲ್ಲಿ ಅದು ಏಳು ವರ್ಷ ಇರುತ್ತದೆ. ಅಷ್ಟರೊಳಗೆ ಯಾರೂ ಕೇಳದಿದ್ದರೆ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ, ಅಂದರೆ ಐಇಪಿಎಫ್‌ಗೆ, ಹೋಗುತ್ತದೆ. ಸತತ ಏಳು ವರ್ಷದ ಡಿವಿಡೆಂಡ್ ಯಾರೂ ಪಡೆಯದೆ ಉಳಿದರೆ ಷೇರುಗಳೇ ಆ ನಿಧಿಗೆ ಹೋಗುತ್ತವೆ. ಮೂರು ತಿಂಗಳು ಮೊದಲು ಕಂಪನಿ ಪತ್ರ ಬರೆಯುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಕೊಡುತ್ತದೆ. ಆದರೆ ಪತ್ರ ಬರುವುದು ತೀರಿಹೋದವರ ಹೆಸರಿಗೆ, ಅವರು ಎಂದೋ ಕೊಟ್ಟಿದ್ದ ವಿಳಾಸಕ್ಕೆ.

ಮೇಷ್ಟ್ರ ಲೆಕ್ಕಕ್ಕೆ ಬರೋಣ. ಅವರ 2013 ಮತ್ತು 2014ರ ಡಿವಿಡೆಂಡ್ ಎಂದೋ ನಿಧಿಗೆ ಹೋಗಿದೆ. ಆದರೆ 2015ರಿಂದ 2019ರವರೆಗಿನ ಹಣ ನೇರ ಅವರ ಬ್ಯಾಂಕ್ ಖಾತೆಗೆ ಜಮಾ ಆಗಿತ್ತು. ಹೀಗೆ ಏಳು ವರ್ಷದ ಸರಣಿ ನಡುವೆ ಕಡಿದ ಕಾರಣ ಷೇರುಗಳು ಉಳಿದುಕೊಂಡವು. ಅವರು ಹೋದ ಮೇಲೆ ಖಾತೆ ಮುಚ್ಚಿದರು, ಹಣ ಜಮಾ ಆಗದೆ ವಾಪಸಾಯಿತು. 2020ರಿಂದ 2025ರವರೆಗೆ ವರ್ಷಕ್ಕೆ 4,000 ರೂಪಾಯಿಯಂತೆ 24,000 ರೂಪಾಯಿ ಕಂಪನಿಯಲ್ಲೇ ಇದೆ. 2020ರ ಆಗಸ್ಟ್‌ನಲ್ಲಿ ಘೋಷಿಸಿದ ಡಿವಿಡೆಂಡಿಗೆ 2027ರ ಶರತ್ಕಾಲದಲ್ಲಿ ಏಳು ವರ್ಷ ತುಂಬುತ್ತದೆ. ಮಗಳಿಗೆ ಇರುವ ಕಾಲಾವಕಾಶ ಅಷ್ಟೇ.

ಅರ್ಜಿಯಲ್ಲಿ ಎಡವುವುದು ಒಂದು ಶಬ್ದದಲ್ಲಿ. ಜನ ‘ಷೇರು ಟ್ರಾನ್ಸ್‌ಫರ್ ಮಾಡಿಕೊಡಿ’ ಎಂದು ಬರೆಯುತ್ತಾರೆ. ಟ್ರಾನ್ಸ್‌ಫರ್ ಎಂದರೆ ಬದುಕಿರುವವರು ಮಾರುವುದು ಅಥವಾ ಕೊಡುವುದು. ಕಾಗದದ ಷೇರುಗಳಿಗೆ ಅದು 2019ರ ಏಪ್ರಿಲ್ 1ರಿಂದ ನಿಂತಿದೆ. ಸಾವಿನ ನಂತರ ವಾರಸುದಾರರಿಗೆ ಬರುವುದಕ್ಕೆ ಟ್ರಾನ್ಸ್‌ಮಿಷನ್ ಎನ್ನುತ್ತಾರೆ. ಅದಕ್ಕೆ ತಡೆಯಿಲ್ಲ. ಅದರ ಅರ್ಜಿ ನಮೂನೆಯ ಹೆಸರು ಐಎಸ್‌ಆರ್-5. ಅರ್ಜಿದಾರರ ಪ್ಯಾನ್, ವಿಳಾಸ, ಬ್ಯಾಂಕ್ ವಿವರಕ್ಕೆ ಐಎಸ್‌ಆರ್-1. ಇವುಗಳ ಜೊತೆ ಮೂಲ ಷೇರು ಪತ್ರ, ಮರಣ ಪ್ರಮಾಣಪತ್ರ, ಅರ್ಜಿದಾರರ ಹೆಸರು ಮುದ್ರಿತವಾದ ರದ್ದುಪಡಿಸಿದ ಚೆಕ್ಕು ಹೋಗಬೇಕು. ರಿಜಿಸ್ಟ್ರಾರ್ ಈಗ ಹೊಸ ಕಾಗದದ ಷೇರು ಪತ್ರ ಕೊಡುವುದಿಲ್ಲ, ಷೇರು ಬರುವುದು ಡಿಮ್ಯಾಟ್ ಖಾತೆಗೆ ಮಾತ್ರ. ಆದ್ದರಿಂದ ಮಗಳು ಮೊದಲೇ ಡಿಮ್ಯಾಟ್ ಖಾತೆ ತೆರೆದು, ಅದರ ವಿವರಪಟ್ಟಿಯನ್ನೂ ಲಗತ್ತಿಸಬೇಕು.

ಮೇಷ್ಟ್ರು ನಾಮಿನಿ ಹೆಸರು ಬರೆಸಿರಲಿಲ್ಲ. ಹಾಗಿದ್ದಾಗ ಕಾಗದದ ಷೇರುಗಳ ಮೌಲ್ಯ ಒಂದು ಕಂಪನಿಗೆ 5 ಲಕ್ಷ ರೂಪಾಯಿ ಮೀರದಿದ್ದರೆ ಸೆಬಿ ಸರಳ ದಾರಿ ಕೊಟ್ಟಿದೆ. ಉಳಿದ ವಾರಸುದಾರರೆಲ್ಲರ ನಿರಾಕ್ಷೇಪಣಾ ಪತ್ರ ಅಥವಾ ಎಲ್ಲರೂ ಸಹಿ ಮಾಡಿದ ಕುಟುಂಬ ಒಪ್ಪಂದ, ಜೊತೆಗೆ ನೋಟರಿ ಮಾಡಿಸಿದ ನಷ್ಟಭರ್ತಿ ಬಾಂಡ್ ಸಾಕಾಗುತ್ತದೆ. 5 ಲಕ್ಷ ದಾಟಿದರೆ ನ್ಯಾಯಾಲಯದ ಉತ್ತರಾಧಿಕಾರ ಪತ್ರ, ಪ್ರೊಬೇಟ್ ಆದ ಉಯಿಲು, ಇಲ್ಲವೇ ಸಕ್ಷಮ ಪ್ರಾಧಿಕಾರದ ವಾರಸುದಾರರ ಪತ್ರದಂಥ ದಾಖಲೆ ಬೇಕು. ಮೇಷ್ಟ್ರದು 3 ಲಕ್ಷ 20 ಸಾವಿರ, ಹಾಗಾಗಿ ಕೋರ್ಟಿಗೆ ಹೋಗುವ ಅಗತ್ಯ ಬೀಳಲಿಲ್ಲ.

ಆದರೂ ಕಡತ ಒಮ್ಮೆ ವಾಪಸು ಬಂತು. ಮಗಳು ತನ್ನ ಹೆಸರಿಗೆ ಅರ್ಜಿ ಹಾಕಿ, ಅಮ್ಮ ಮತ್ತು ತಮ್ಮನಿಂದ ಒಪ್ಪಿಗೆ ಬರೆಸಿದ್ದಳು. ನಾಡಕಚೇರಿಯಿಂದ ತಂದ ವಂಶವೃಕ್ಷದಲ್ಲಿ ಇನ್ನೊಂದು ಹೆಸರಿತ್ತು. ಹಳ್ಳಿಯಲ್ಲಿರುವ 92 ವರ್ಷದ ಅಜ್ಜಿಯದು, ಅಂದರೆ ಮೇಷ್ಟ್ರ ತಾಯಿಯದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಹೆಂಡತಿ, ಮಕ್ಕಳ ಜೊತೆಗೆ ಅವನ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ‘ಅಜ್ಜಿಗೆ ಇದೆಲ್ಲ ಯಾಕೆ’ ಎಂದು ಮನೆಯವರು ಬಿಟ್ಟಿದ್ದರು. ನೋಟರಿಯನ್ನು ಊರಿಗೇ ಕರೆದೊಯ್ದು, ಕಾಗದದಲ್ಲಿ ಏನಿದೆ ಎಂದು ಅಜ್ಜಿಗೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಕಾಯಿತು. ಅದು ನಿಯಮದ ಕಾಟವಲ್ಲ, ಅಜ್ಜಿಯ ಹಕ್ಕು.

ನಾಮಿನಿ ಇದ್ದಿದ್ದರೆ ಕಾಗದಪತ್ರ ಇನ್ನೂ ಕಡಿಮೆಯಾಗುತ್ತಿತ್ತು. ಆದರೆ ನಾಮಿನಿಯೇ ಒಡೆಯ ಎಂದು ತಿಳಿಯಬಾರದು. ಷೇರು ನಾಮಿನಿಯ ಕೈಗೆ ಬಂದರೂ ಅದು ಸೇರಬೇಕಾದದ್ದು ವಾರಸುದಾರರಿಗೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನೊಂದು ತೊಡಕು ನಮ್ಮ ಇನಿಷಿಯಲ್‌ಗಳದು. ಷೇರು ಪತ್ರದಲ್ಲಿ ಎರಡಕ್ಷರ ಮತ್ತು ಹೆಸರು, ಮರಣ ಪ್ರಮಾಣಪತ್ರದಲ್ಲಿ ಊರು, ತಂದೆಯ ಹೆಸರೆಲ್ಲ ಬಿಡಿಸಿ ಬರೆದ ಪೂರ್ಣ ಹೆಸರು. ನಮಗೆ ಒಬ್ಬರೇ, ರಿಜಿಸ್ಟ್ರಾರ್‌ಗೆ ಇಬ್ಬರು. ಎರಡೂ ಒಬ್ಬರೇ ಎಂಬ ಅಫಿಡವಿಟ್ ಮತ್ತು ಎರಡನ್ನೂ ಬೆಸೆಯುವ ಒಂದು ಹಳೆಯ ಗುರುತಿನ ದಾಖಲೆಯನ್ನು ಮೊದಲೇ ಇಟ್ಟರೆ ಒಂದು ಸುತ್ತು ಉಳಿಯುತ್ತದೆ.

ಅರ್ಜಿಯ ಜೊತೆಗೆ ಪ್ರತ್ಯೇಕ ಪತ್ರವೊಂದರಲ್ಲಿ ಬಾಕಿ ಡಿವಿಡೆಂಡನ್ನು ವರ್ಷವಾರು ಬರೆದು ಕೇಳಬೇಕು. ಷೇರು ಹೆಸರಿಗೆ ಬಂದ ಮಾತ್ರಕ್ಕೆ ಹಳೆಯ ಹಣವೂ ತಾನಾಗಿ ಬರುತ್ತದೆ ಎಂದು ಕೂರಬಾರದು. ದಾಖಲೆ ಸರಿಯಿದ್ದರೆ ಕಾಗದದ ಷೇರುಗಳ ಟ್ರಾನ್ಸ್‌ಮಿಷನ್ 21 ದಿನದಲ್ಲಿ ಮುಗಿಯಬೇಕು. ಮುಗಿಯದಿದ್ದರೆ, ಮೊದಲು ಕಂಪನಿಯ ಕಾರ್ಯದರ್ಶಿಗೆ ಬರೆದು, ನಂತರ ಸೆಬಿಯ scores.sebi.gov.in ತಾಣದಲ್ಲಿ ದೂರು ಕೊಡಬಹುದು.

ನಿಧಿಗೆ ಹೋದ 2013, 2014ರ 4,000 ರೂಪಾಯಿಯೂ ಮುಳುಗಿಲ್ಲ. ಷೇರು ಹೆಸರಿಗೆ ಬಂದ ಮೇಲೆ ಕಂಪನಿಯಿಂದ ಹಕ್ಕಿನ ಪತ್ರ ಪಡೆದು, ಐಇಪಿಎಫ್-5 ಎಂಬ ನಮೂನೆಯನ್ನು ಆನ್‌ಲೈನ್‌ನಲ್ಲಿ ತುಂಬಿ, ಅದರ ಪ್ರತಿ ಮತ್ತು ದಾಖಲೆಗಳನ್ನು ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಬೇಕು. ಕಂಪನಿ ಪರಿಶೀಲಿಸಿ ವರದಿ ಕೊಟ್ಟ ಮೇಲೆ ಪ್ರಾಧಿಕಾರ ಹಣ ಬಿಡುಗಡೆ ಮಾಡುತ್ತದೆ. ಅರ್ಜಿಗೆ ಶುಲ್ಕವಿಲ್ಲ. ‘ಕಾಲುಭಾಗ ಕೊಡಿ, ಬಿಡಿಸಿಕೊಡುತ್ತೇವೆ’ ಎಂದು ಫೋನು ಮಾಡುವವರಿಗೆ ಮೂಲ ಷೇರು ಪತ್ರವನ್ನು ಕೊಡಲೇಬೇಡಿ.

ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಚೀಲ ಇದ್ದರೆ ಬೆಲೆ ಎಷ್ಟೆಂದು ನೋಡುವ ಮೊದಲು ಇನ್ನೊಂದನ್ನು ನೋಡಿ. ಹಿರಿಯರ ಪಾಸ್‌ಬುಕ್ ತೆಗೆದು, ಆ ಕಂಪನಿಯ ಡಿವಿಡೆಂಡ್ ಕೊನೆಯದಾಗಿ ಯಾವ ವರ್ಷ ಜಮಾ ಆಗಿದೆ ಎಂದು ಹುಡುಕಿ. ಅಲ್ಲಿಂದ ಏಳು ವರ್ಷ ಎಣಿಸಿ, ಅದು ತುಂಬುವ ಮೊದಲೇ ರಿಜಿಸ್ಟ್ರಾರ್‌ಗೆ ಪತ್ರ ಬರೆಯಿರಿ.